ಅಜೆಂಡಾಗೆ ಒಂದು ಪ್ರಶ್ನೆ ಬೇಕು

ನಾಳಿದ್ದು ನಮ್ಮ ಮೂರು ತಿಂಗಳ ರಿವ್ಯೂ ಮೀಟಿಂಗ್. ಹೋದ ಸಲ ಅಜೆಂಡಾದಲ್ಲಿ ‘ಡೆಲಿವರಿ ತಡ’ ಅಂತಷ್ಟೇ ಬರೆದಿದ್ದೆ. ಐವತ್ತು ನಿಮಿಷ ಎಲ್ಲರೂ ಮಾತಾಡಿದರು, ಗಿರಮಿಟ್ಟು ಬಂತು, ಖಾಲಿಯೂ ಆಯ್ತು, ತೀರ್ಮಾನ ಮಾತ್ರ ಆಗಲಿಲ್ಲ. ಈ ಸಲ ಹೀಗೆ ಬರೆದೆ: ‘ಹಾವೇರಿ ರೂಟಿಗೆ ಇನ್ನೊಂದು ಗಾಡಿ ಬಾಡಿಗೆಗೆ ತಗೊಳ್ಳೋದಾ, ಇಲ್ಲಾ ವಾರಕ್ಕೆ ಮೂರೇ ದಿನ ಮಾಲು ಕಳಿಸೋದಾ? 25 ನಿಮಿಷ. ಕೊನೆಯ ಮಾತು ಮ್ಯಾನೇಜರ್ ಸಾಹೇಬರದು.’ ಅದರಲ್ಲಿ 5 ನಿಮಿಷ ಓದೋಕೆ, 15 ಚರ್ಚೆಗೆ, ಉಳಿದ 5 ತೀರ್ಮಾನ ಬರೆದು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳೋಕೆ. ಇದನ್ನೇ ಮೊದಲು ಇಟ್ಟೆ, ಯಾಕಂದ್ರೆ ಮಾರಾಟದ ಅಂಕಿ ಮೊದಲು ಬಂದರೆ ಅದರಲ್ಲೇ ಊಟದ ಹೊತ್ತಾಗುತ್ತದೆ. ತಡವಾದ ಲೋಡು ಎಷ್ಟು, ಎರಡೂ ದಾರಿಗೆ ಖರ್ಚು ಎಷ್ಟು ಅನ್ನೋದನ್ನು ಎರಡು ಪುಟದಲ್ಲಿ ಬರೆದು ಇವತ್ತೇ ಎಲ್ಲರಿಗೂ ಕಳಿಸಿದೆ. ಓದದೆ ಬರುವವರು ಇದ್ದೇ ಇರುತ್ತಾರೆ, ಅಲ್ವಾ? ಸುಮ್ನೆ ಬೈದು ಉಪಯೋಗವಿಲ್ಲ, ಅದಕ್ಕೇ ಆ ಮೊದಲ 5 ನಿಮಿಷ.

‘ಗೋದಾಮಿನ ಸ್ಥಿತಿಗತಿ’ಗೆ ಮಾತ್ರ ಎಷ್ಟು ತಿಣುಕಿದರೂ ಒಂದು ಪ್ರಶ್ನೆ ಹುಟ್ಟಲಿಲ್ಲ. ಪಟ್ಟಿಯಿಂದ ತೆಗೆದು ಆ ಎರಡು ಪುಟದ ಕೊನೆಗೆ ಸೇರಿಸಿದೆ. ಗೋದಾಮು ನೋಡಿಕೊಳ್ಳೋ ಅಣ್ಣ ಬೇಜಾರು ಮಾಡಿಕೊಂಡಿದ್ದಾರೆ, ನಾಳೆ ಚಹಾ ಕುಡಿಸಬೇಕು.