ಷೇರು ಸಂಖ್ಯೆಯ ಹಾಳೆ: ಮೂರನೆಯ ತಿಂಗಳ ಟಿಪ್ಪಣಿ

ಹುಬ್ಬಳ್ಳಿಯ ಮನೆಯಲ್ಲಿ ಸಂಜೆ ಹೊತ್ತು ಬೆಳೆಸುತ್ತಿರುವ ಈ ಹಾಳೆಯ ಕೆಲಸ ಒಂದೇ: ಯಾವ ವ್ಯವಹಾರದಲ್ಲೂ ಖಾತೆಯ ಶೇ. 1ಕ್ಕಿಂತ ಹೆಚ್ಚು ನಷ್ಟವಾಗದಂತೆ ಎಷ್ಟು ಷೇರು ಕೊಳ್ಳಬೇಕೆಂದು ಹೇಳುವುದು. ಮೊದಲ ತಿಂಗಳ ಸೂತ್ರದಲ್ಲಿ ಖರ್ಚು ಸೇರಿರಲಿಲ್ಲ. ಷೇರನ್ನು ಅದೇ ದಿನ ಮಾರದೆ ಇಟ್ಟುಕೊಳ್ಳುವ ಡೆಲಿವರಿಯಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1 ಎಸ್‌ಟಿಟಿ ಎಂಬ ತೆರಿಗೆ ಬೀಳುವುದರಿಂದ, ₹480ರ ಷೇರಿಗೆ ಇತರ ಶುಲ್ಕಗಳೂ ಸೇರಿ ₹1.25 ಎಂದು ಹಿಡಿದು ಈಗ ಹೀಗೆ ಬರೆದಿದ್ದೇನೆ:

```
=ROUNDDOWN(B1*0.01/(B2-B3+B4),0)
```

B1 ಖಾತೆಯ ಇಂದಿನ ಮೌಲ್ಯ, B2 ಖರೀದಿ ಬೆಲೆ, B3 ಸ್ಟಾಪ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಮಾರಿಬಿಡಬೇಕೆಂದು ಮೊದಲೇ ಇಟ್ಟ ಮಟ್ಟ, B4 ಒಂದು ಷೇರಿನ ಖರ್ಚು. ಖಾತೆಯಲ್ಲಿ ₹2,00,000 ಇದ್ದಾಗ ₹480ಕ್ಕೆ ಕೊಂಡು ₹462ಕ್ಕೆ ಸ್ಟಾಪ್ ಇಟ್ಟರೆ, ₹2,000ವನ್ನು 19.25ರಿಂದ ಭಾಗಿಸಿ 103 ಷೇರು ಬರುತ್ತದೆ.

ಹಾಳೆ ಸರಿಯಾಯಿತೆಂದು ಬೀಗುತ್ತಿದ್ದಾಗ, ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಮಾಡುವ ಅಣ್ಣ ಕೇಳಿದ: "ತಮ್ಮಾ, ಮುಂಜಾನೆ ಬಾಗಲಾ ತೆಗಿಯೂದರಾಗ ರೇಟೇ ಬಿದ್ದಿದ್ರ ನಿನ್ನ ಸ್ಟಾಪ್ ಏನ್ ಮಾಡ್ತದ?" ಆಗ ನನ್ನಲ್ಲಿ ಉತ್ತರವಿರಲಿಲ್ಲ, ಈ ತಿಂಗಳು ಮಾರುಕಟ್ಟೆಯೇ ಉತ್ತರ ಕೊಟ್ಟಿತು. ಹೀಗೆ 103 ಷೇರು ಕೊಂಡಿದ್ದ ಕಂಪನಿಯ ತ್ರೈಮಾಸಿಕ ಫಲಿತಾಂಶ ಸಂಜೆ ಹೊರಬಿದ್ದು, ಮರುದಿನ ಅದೇ ಷೇರು ₹447ಕ್ಕೆ ತೆರೆಯಿತು. ₹462 ಎಂಬುದು ಮಾರಾಟದ ಆರ್ಡರ್ ಚಾಲೂ ಆಗುವ ಬೆಲೆಯೇ ಹೊರತು ಆ ಬೆಲೆಗೆ ಕೊಳ್ಳುವವನಿದ್ದಾನೆ ಎಂಬ ಖಾತ್ರಿಯಲ್ಲ. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎಂದು ಲಿಮಿಟ್ ಇಟ್ಟಿದ್ದರೆ ಮಾಲು ಮಾರಾಟವಾಗದೆ ಕೈಯಲ್ಲೇ ಉಳಿದು ಇನ್ನೂ ಕೆಳಗೆ ಜಾರುವ ಸಾಧ್ಯತೆಯಿತ್ತು. ಒಟ್ಟು ಹೋದದ್ದು ಸುಮಾರು ₹3,528, ಅಂದರೆ ಶೇ. 1ರ ಬದಲು ಶೇ. 1.76.

ಲೆಕ್ಕ ತಿರುವಿ ನೋಡಿದಾಗ ನಿಜವಾದ ಅಪಾಯ ಬೇರೆಡೆ ಕಂಡಿತು. ಸ್ಟಾಪನ್ನು ₹476ರಷ್ಟು ಹತ್ತಿರ ಇಟ್ಟಿದ್ದರೆ ಇದೇ ಸೂತ್ರ 380 ಷೇರು ಕೊಳ್ಳಲು ಹೇಳುತ್ತಿತ್ತು, ಖಾತೆಯ ಶೇ. 91ರಷ್ಟು ಹಣ ಒಂದೇ ಷೇರಿನಲ್ಲಿ ಸಿಲುಕಿ, ₹447ರ ಆ ಬೆಳಗ್ಗೆ ₹13,000 ಹೋಗುತ್ತಿತ್ತು. ಸ್ಟಾಪ್ ಹತ್ತಿರವಾದಷ್ಟೂ ಷೇರು ಸಂಖ್ಯೆ ಉಬ್ಬುತ್ತದೆ, ಆದರೆ ರಾತ್ರಿ ಕಳೆದು ಬೀಳುವ ಬೆಲೆ ನಮ್ಮ ಸ್ಟಾಪ್ ಎಲ್ಲಿದೆ ಎಂದು ನೋಡುವುದಿಲ್ಲ. ಹಾಗಾಗಿ ಒಂದು ಷೇರಿಗೆ ಖಾತೆಯ ಶೇ. 30ಕ್ಕಿಂತ ಹೆಚ್ಚು ಹಾಕದಂತೆ ಮಿತಿ ಸೇರಿಸಿದೆ. ಈ ಅಂಕಿ ನನ್ನ ಅಂದಾಜು ಮಾತ್ರ. ಅದರಡಿಯಲ್ಲಿ 125 ಷೇರು ಬಂದು ನಷ್ಟ ಶೇ. 2ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಫಲಿತಾಂಶದ ಹಿಂದಿನ ದಿನಕ್ಕೆ ಇನ್ನೊಂದು ಕಾಲಂ ಹಾಕಿದ್ದೇನೆ. ಅಲ್ಲಿ ಸ್ಟಾಪ್ ದೂರದ ಬದಲು, ಹಿಂದಿನ ಫಲಿತಾಂಶಗಳ ಮರುದಿನ ಆ ಷೇರು ಅತಿ ಹೆಚ್ಚು ಎಷ್ಟು ಕೆಳಗೆ ತೆರೆದಿತ್ತೋ ಆ ದೂರವನ್ನು ಬಳಸುತ್ತೇನೆ. ಅದು ₹40 ಇದ್ದರೆ, ನಷ್ಟದ ನಂತರದ ₹1,96,472 ಖಾತೆಗೆ 47 ಷೇರು ಬರುತ್ತದೆ. ಉಳಿದದ್ದನ್ನು ಫಲಿತಾಂಶಕ್ಕೆ ಮುನ್ನವೇ ಮಾರಬೇಕು. ಮುಂದಿನ ತ್ರೈಮಾಸಿಕದಲ್ಲಿ ಇದನ್ನು ಮೊದಲ ಬಾರಿಗೆ ಬಳಸಲಿದ್ದೇನೆ.