ಎರಡನೇ ಹಂಡೆಯ ಸಾಗು

ಮೊನ್ನೆ ಮಂಡ್ಯದ ಛತ್ರವೊಂದರ ಆರತಕ್ಷತೆಯಲ್ಲಿ, ಕಡಲೆಕಾಯಿ ಬೀಜ ಒಗ್ಗದ ಯುವಕರೊಬ್ಬರಿಗೆ ಪೂರಿ-ಸಾಗು ತಿಂದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ಧ್ವನಿ ಗೊಗ್ಗರಾಗಿ, ಉಸಿರಾಡುವುದೇ ಕಷ್ಟವಾಯಿತು. ಚಟ್ನಿಯನ್ನು ಅವರು ಮುಟ್ಟಿರಲಿಲ್ಲ. ಅಡುಗೆ ಕಂಟ್ರಾಕ್ಟರು ಸಾಗು ಬಡಿಸುವುದನ್ನು ನಿಲ್ಲಿಸಿ ಸಾಮಗ್ರಿಯ ಪುಸ್ತಕ ತೆರೆದಾಗ, ಗೋಡಂಬಿ ಸಾಲದೆ ಎರಡನೇ ಹಂಡೆಗೆ ಕಡಲೆಕಾಯಿ ಬೀಜ ರುಬ್ಬಿ ಹಾಕಿದ್ದಾಗಿ ಅಡುಗೆಯವರು ಬರೆದಿದ್ದ ಸಾಲು ಸಿಕ್ಕಿತು. ಮೆನು ಕಾರ್ಡಿನಲ್ಲಿ ಇದೆಲ್ಲಿ ಬರಬೇಕು! ಆ ಪುಟದ ಫೋಟೊವನ್ನು ಆಸ್ಪತ್ರೆಗೆ ಕಳಿಸಿ, ಒಂದು ಡಬ್ಬಿ ಸಾಗನ್ನೂ ತೆಗೆದಿಟ್ಟರು. ವೈದ್ಯರು ಅದಕ್ಕೆ ಕಾಯದೆ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರು. ಲಕ್ಷಣಗಳು ಮರುಕಳಿಸಬಹುದೆಂದು ರಾತ್ರಿ ಅಲ್ಲಿಯೇ ಉಳಿಸಿಕೊಂಡರು. ಪುಸ್ತಕಕ್ಕೆ ಬಂದ ಸಾಲು ಬಡಿಸುವವರ ಕಿವಿಗೆ ಏಕೆ ಬೀಳಲಿಲ್ಲ ಎಂಬುದೇ ನನ್ನ ತಕರಾರು. ಸಾಮಗ್ರಿ ಬದಲಾದ ಹಂಡೆಗೆ ಇನ್ನು ಚೀಟಿ ಅಂಟಿಸುವುದಾಗಿ ಕಂಟ್ರಾಕ್ಟರು ಒಪ್ಪಿದ್ದಾರೆ.