6 ಯಾವುದು, 8 ಯಾವುದು ಅಂತ ಗೊತ್ತಾಗದ ವಿಡಿಯೊ

ನಮ್ಮ ಕಂಪನಿಯ ಲೆಕ್ಕದ ಸಾಫ್ಟ್‌ವೇರ್ ಬಳಸುವುದನ್ನು ಹೇಳಿಕೊಡುವ ವಿಡಿಯೊ ಮಾಡುವುದು ನನ್ನ ಕೆಲಸ. ಒಂದು ಸಲ ಸಪೋರ್ಟ್ ತಂಡದವರು ಬಂದು, 'ನಿಮ್ಮ ಟೇಬಲ್‌ನಲ್ಲಿ 6 ಯಾವುದು, 8 ಯಾವುದು ಅಂತಾನೇ ಗೊತ್ತಾಗಲ್ಲ' ಅಂದರು. ನಾನು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಖರ್ಚಾಗುವ ಡೇಟಾ, ಏರಿಸಿದೆ. ಫೈಲ್ ದಪ್ಪ ಆಯಿತು, ಅಕ್ಷರ ಮಾತ್ರ ಹಾಗೇ ಮಬ್ಬು.

ತಪ್ಪು ಬೇರೆ ಕಡೆ ಇತ್ತು. ನನ್ನ ಮಾನಿಟರ್ 2560×1440. ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ ಬೇಸ್ ರೆಸಲ್ಯೂಷನ್, ಅಂದರೆ ಅದು ಹಿಡಿಯುವ ಚಿತ್ರದ ಅಳತೆ, ಅಷ್ಟೇ ಇತ್ತು; ಫೈಲಿಗೆ ಹೋಗುವ ಔಟ್‌ಪುಟ್ ಮಾತ್ರ 1920×1080. ಅಂದರೆ ಚಿತ್ರ ಮುಕ್ಕಾಲು ಭಾಗಕ್ಕೆ ಕುಗ್ಗುತ್ತಿತ್ತು. ಟೇಬಲ್‌ನ ಗೆರೆ ಒಂದೇ ಪಿಕ್ಸೆಲ್ ದಪ್ಪ. ಮುಕ್ಕಾಲು ಪಿಕ್ಸೆಲ್ ಅಂತ ಒಂದು ಇರುವುದಿಲ್ಲ ಅಲ್ವಾ? ಹಾಗಾಗಿ ಕಪ್ಪು ಗೆರೆ ಪಕ್ಕದ ಬಿಳಿಯ ಜೊತೆ ಬೆರೆತು ಬೂದಿ ಬಣ್ಣಕ್ಕೆ ತಿರುಗುತ್ತದೆ. 6ರ ಬಾಯಿ ಮುಚ್ಚಿಹೋಗುವುದೂ ಹೀಗೆಯೇ.

ಇಷ್ಟು ಸಾಲದು ಅಂತ, ಎಡಿಟಿಂಗ್‌ನಲ್ಲಿ ಯಾರೋ ಮಾಡಿಟ್ಟ ಹಳೇ ಪ್ರಾಜೆಕ್ಟನ್ನೇ ನಕಲು ಮಾಡಿಕೊಳ್ಳುತ್ತಿದ್ದೆ. ಅದು 1280×720. ಅಲ್ಲಿ ಇನ್ನೊಮ್ಮೆ ಕುಗ್ಗಿ, ಎಕ್ಸ್‌ಪೋರ್ಟ್ ಆಗುವಾಗ ಮತ್ತೆ 1080ಕ್ಕೆ ಹಿಗ್ಗುತ್ತಿತ್ತು. ಹಿಗ್ಗಿಸಿದರೆ ಕಳೆದುಹೋದ ಪಿಕ್ಸೆಲ್ ವಾಪಸ್ ಬರುವುದಿಲ್ಲ.

ಈಗ ರೆಕಾರ್ಡಿಂಗ್‌ಗೆ ಮುಂಚೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ರೆಸಲ್ಯೂಷನ್ 1920×1080ಕ್ಕೆ ಇಳಿಸುತ್ತೇನೆ. ಬೇಸ್, ಔಟ್‌ಪುಟ್, ಎಡಿಟಿಂಗ್ ಪ್ರಾಜೆಕ್ಟ್, ಎಕ್ಸ್‌ಪೋರ್ಟ್ ಎಲ್ಲವೂ ಅದೇ ಅಳತೆ. ಆಗ ನನ್ನ ಮಾನಿಟರ್ ಸ್ವಲ್ಪ ಮಸುಕಾಗಿ ಕಾಣುತ್ತದೆ. ಮೊದಲ ದಿನ ಹೆದರಿದ್ದೆ. ಆದರೆ ಆ ಮಸುಕು ಮಾನಿಟರ್ ಚಿತ್ರವನ್ನು ಹಿಗ್ಗಿಸಿ ತೋರಿಸುವುದರಿಂದ ಬರುವುದು. ರೆಕಾರ್ಡ್ ಆಗುವುದು ಅದಕ್ಕೂ ಮುಂಚಿನ ಚಿತ್ರ, ಅದು ಚೊಕ್ಕವಾಗಿಯೇ ಇರುತ್ತದೆ.

ಅಕ್ಷರ ದೊಡ್ಡದು ಬೇಕಾದರೆ ಬ್ರೌಸರ್‌ನಲ್ಲೇ `Ctrl` ಮತ್ತು `+` ಒತ್ತುತ್ತೇನೆ. ಆಗ ಬ್ರೌಸರ್ ಅಕ್ಷರವನ್ನು ಹೊಸದಾಗಿ, ಜಾಸ್ತಿ ಪಿಕ್ಸೆಲ್‌ನಲ್ಲಿ ಬರೆಯುತ್ತದೆ. ಎಡಿಟಿಂಗ್‌ನಲ್ಲಿ 150%ಗೆ ಝೂಮ್ ಮಾಡಿದರೆ ಇದ್ದ ಪಿಕ್ಸೆಲ್‌ಗಳನ್ನೇ ಎಳೆದು ಹಿಗ್ಗಿಸಿದ ಹಾಗೆ. ಝೂಮ್ ಬೇಕೇಬೇಕು ಅನ್ನುವ ಪಾಠವನ್ನು ಮಾತ್ರ 1440ರಲ್ಲೇ ರೆಕಾರ್ಡ್ ಮಾಡಿ, 1080ರ ಪ್ರಾಜೆಕ್ಟ್‌ನಲ್ಲಿ 100%ಗೆ ಇಟ್ಟು, ಬೇಕಾದ ಮೂಲೆಯನ್ನಷ್ಟೇ ತೋರಿಸುತ್ತೇನೆ.

ಫ್ರೇಮ್‌ರೇಟ್ 60ರಿಂದ 30ಕ್ಕೆ ಇಳಿಸಿದೆ. ಬಿಟ್‌ರೇಟ್ ಅಷ್ಟೇ ಇದ್ದು ಫ್ರೇಮ್ ಎರಡರಷ್ಟಾದರೆ ಒಂದೊಂದಕ್ಕೂ ಸಿಗುವ ಪಾಲು ಕಡಿಮೆ. ನಿಂತ ಪರದೆಯಲ್ಲಿ ಇದು ಗೊತ್ತಾಗಲ್ಲ. ಉದ್ದನೆಯ ಟೇಬಲ್ ಸ್ಕ್ರೋಲ್ ಮಾಡುವಾಗ ಅಕ್ಷರ ಕಲಸಿಹೋಗುತ್ತದೆ. ಕ್ಲಿಕ್ ಮಾಡಿ ಫಾರ್ಮ್ ತುಂಬುವ ಪಾಠಕ್ಕೆ 30 ಧಾರಾಳ. ಆ್ಯನಿಮೇಶನ್ ತೋರಿಸುವಾಗ ಮಾತ್ರ 60 ಇಡುತ್ತೇನೆ, ಬಿಟ್‌ರೇಟನ್ನೂ ಏರಿಸುತ್ತೇನೆ.

ಪರೀಕ್ಷೆಗೆ ಒಂದು ಚಿತ್ರ ಮಾಡಿಟ್ಟುಕೊಂಡಿದ್ದೇನೆ: ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ, ಹೀಗೇ ಗೆರೆಗಳು. ಅದನ್ನು 100%ನಲ್ಲಿ ತೆರೆದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಎಕ್ಸ್‌ಪೋರ್ಟ್ ಆದ ಫೈಲನ್ನು ಅದರ ಪೂರ್ತಿ ಅಳತೆಯಲ್ಲೇ ನೋಡುತ್ತೇನೆ. ಗೆರೆ ಬಿಡಿಬಿಡಿಯಾಗಿ ಕಂಡರೆ ಸರಿ. ಬೂದಿ ಪಟ್ಟಿ ಅಲೆಅಲೆಯಾಗಿ ಕಂಡರೆ ಚಿತ್ರ ಎಲ್ಲೋ ಕುಗ್ಗಿದೆ, ಇಲ್ಲಾ ಹಿಗ್ಗಿದೆ. ಹೋದ ವಾರ ಹಾಗೇ ಆಯಿತು. ನೋಡಿದರೆ ಎಡಿಟಿಂಗ್‌ನಲ್ಲಿ ಕ್ಲಿಪ್‌ನ ಸ್ಕೇಲ್ 98% ಇತ್ತು. ಮೌಸ್ ತಾಗಿರಬೇಕು.